ತಿಂಡಿ ಬಿಟ್ಟಿದ್ದಕ್ಕೆ ತೂಕ ಏರಿತಾ, ರಾತ್ರಿ ತಡವಾಗಿ ಉಂಡಿದ್ದಕ್ಕಾ?

ಪ್ರಶ್ನೆ: ಮೇಡಂ, ನನಗೆ 43 ವರ್ಷ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇದೆ. ಎತ್ತರ 168 ಸೆಂ.ಮೀ. ಎರಡೂವರೆ ವರ್ಷದ ಹಿಂದೆ 74 ಕೆಜಿ ಇದ್ದೆ. ತೂಕ ಇಳಿಸೋಣ ಅಂತ ಬೆಳಗಿನ ತಿಂಡಿ ಬಿಟ್ಟೆ. ಈಗ 81 ಆಗಿದ್ದೇನೆ! ಬೆಳಿಗ್ಗೆ ಎರಡು ಲೋಟ ಕಾಫಿ ಅಷ್ಟೇ. ಮಧ್ಯಾಹ್ನ 2ಕ್ಕೆ ಎರಡು ರೊಟ್ಟಿ, ಪಲ್ಯ, ಅನ್ನ, ಸಾರು, ಮೊಸರು. ಸಂಜೆ 6ಕ್ಕೆ ಅಂಗಡಿ ಹುಡುಗರ ಜೊತೆ ಖಾರ ಮಂಡಕ್ಕಿ, ಎರಡು ಮಿರ್ಚಿ, ಟೀ. ಇದು ಮೊದಲು ಅಪರೂಪಕ್ಕೆ ಇತ್ತು, ಈಗ ಹೆಚ್ಚುಕಡಿಮೆ ದಿನಾ. ಅಂಗಡಿ ಮುಚ್ಚಿ ಮನೆಗೆ ಬಂದು ಊಟ ಮಾಡೋದು 10:45ಕ್ಕೆ, ಮಲಗೋದು 11:30ಕ್ಕೆ. ರಾತ್ರಿ ಎದೆಯುರಿ ಬರುತ್ತೆ. ಹೋದ ತಿಂಗಳು ಸಕ್ಕರೆ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಬಂತು, ಮಾತ್ರೆ ಇನ್ನೂ ಶುರು ಮಾಡಿಲ್ಲ. ತಿಂಡಿ ಬಿಟ್ಟಿದ್ದಕ್ಕೇ ದಪ್ಪ ಆದ್ರಿ ಅಂತಾಳೆ ಹೆಂಡತಿ. ತಿಂಡಿ ಬಿಡೋದೇ ಸರಿ, 16 ಗಂಟೆ ಉಪವಾಸ ಮಾಡು, 7ರ ಒಳಗೆ ಊಟ ಮುಗಿಸು ಅಂತಾನೆ ಸ್ನೇಹಿತ. 7ಕ್ಕೆ ನನಗೆ ವ್ಯಾಪಾರದ ಹೊತ್ತು. ಏನು ಮಾಡಲಿ?

ಉತ್ತರ:

ನಿಮ್ಮ ಹೆಂಡತಿಯ ಮಾತಲ್ಲೂ ಸ್ನೇಹಿತರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ನಿಮ್ಮ ತೂಕ ಏರಿದ್ದರ ಕಾರಣ ಇಬ್ಬರೂ ಹೇಳದ ಜಾಗದಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಅದು ಸಂಜೆ 6 ಗಂಟೆ. ಅಲ್ಲಿಗೆ ಬರುವ ಮೊದಲು ಗಡಿಯಾರದ ವಿಷಯ ಮಾತಾಡೋಣ. ಯಾಕೆಂದರೆ ತೂಕಕ್ಕೆ ಗಡಿಯಾರ ಮಾಡುವುದು ಒಂದು, ರಕ್ತದ ಸಕ್ಕರೆಗೆ ಮಾಡುವುದು ಇನ್ನೊಂದು. ಈ ಎರಡನ್ನೂ ಒಟ್ಟಿಗೆ ಕಲಸಿಬಿಡುವುದರಿಂದಲೇ ಅರ್ಧ ಗೊಂದಲ.

ಬೆಳಿಗ್ಗೆ ತಿನ್ನದಿದ್ದರೆ ದೇಹ ನಿಧಾನವಾಗುತ್ತದೆ, ಆಮೇಲೆ ತಿಂದಿದ್ದೆಲ್ಲ ಕೊಬ್ಬಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಇದು ನಿಜ ಅಲ್ಲ. ಸುಮ್ಮನೆ ಕುಳಿತಾಗ ಅಥವಾ ಮಲಗಿದಾಗ ದೇಹ ಸುಡುವ ಕ್ಯಾಲೊರಿ ಒಂದು ತಿಂಡಿ ತಪ್ಪಿದ್ದಕ್ಕೆ ಕುಸಿಯುವುದಿಲ್ಲ. ಇಂಗ್ಲೆಂಡಿನ ಬಾತ್ ಊರಿನಲ್ಲಿ ಇದನ್ನು ಆರು ವಾರ ಅಳೆದು ನೋಡಿದ್ದಾರೆ. ಒಂದು ಗುಂಪು ದಿನಾ ಬೆಳಿಗ್ಗೆ ಚೆನ್ನಾಗಿ ತಿಂದಿತು. ಇನ್ನೊಂದು ಗುಂಪು ಮಧ್ಯಾಹ್ನದವರೆಗೂ ಬರೀ ನೀರು ಕುಡಿದು ಇತ್ತು. ಕೊನೆಗೆ ಎರಡೂ ಗುಂಪಿನ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಒಂದು ವಿಷಯ ಗಮನ ಸೆಳೆಯುವಂತಿತ್ತು. ತಿಂಡಿ ತಿಂದವರು ದಿನದಲ್ಲಿ ಜಾಸ್ತಿ ಓಡಾಡಿದ್ದರು. ತಿನ್ನದವರು ಗೊತ್ತಿಲ್ಲದೆಯೇ ಕೈಕಾಲು ಆಡಿಸುವುದನ್ನು ಕಡಿಮೆ ಮಾಡಿದ್ದರು. ತಿಂಡಿ ಬಿಟ್ಟು ಉಳಿಸಿದ ಕ್ಯಾಲೊರಿಯ ಒಂದು ಪಾಲು ಹೀಗೆ ಖರ್ಚು ಕಡಿಮೆಯಾಗಿ ಲೆಕ್ಕದಿಂದ ಜಾರಿಹೋಗುತ್ತದೆ. ಬೆಳಿಗ್ಗೆ ಅಂಗಡಿಯಲ್ಲಿ ಥಾನು ಎತ್ತಿ ತೋರಿಸುವ ಬದಲು ಕುಳಿತಲ್ಲೇ ಹುಡುಗರಿಗೆ ಹೇಳುವುದು ಜಾಸ್ತಿಯಾಗಿದೆಯಾ, ಒಮ್ಮೆ ಗಮನಿಸಿ.

ಹಾಗಿದ್ದರೆ ತಿಂಡಿ ಬಿಡುವವರು ದಪ್ಪ ಇರುತ್ತಾರೆ ಅಂತ ಇಷ್ಟು ವರ್ಷ ಓದಿದ್ದು ಸುಳ್ಳಾ? ಸುಳ್ಳಲ್ಲ, ಓದಿಕೊಂಡ ರೀತಿ ತಪ್ಪು. ಊರಿನ ಜನರನ್ನೆಲ್ಲ ಕೇಳಿ ಪಟ್ಟಿ ಮಾಡಿದರೆ ತಿಂಡಿ ಬಿಡುವವರ ತೂಕ ಸರಾಸರಿ ಜಾಸ್ತಿ ಇರುವುದು ನಿಜ. ಆದರೆ ಅವರಲ್ಲಿ ರಾತ್ರಿ ನಿದ್ದೆ ಕೆಡುವವರು, ಸಿಗರೇಟು ಸೇದುವವರು, ಹೊರಗಿನ ತಿಂಡಿ ಜಾಸ್ತಿ ತಿನ್ನುವವರು ಹೆಚ್ಚಿರುತ್ತಾರೆ. ನಿಮ್ಮ ಹಾಗೆ ತೂಕ ಏರತೊಡಗಿದ ಮೇಲೆ ಅದನ್ನು ಇಳಿಸಲು ಅಂತಲೇ ತಿಂಡಿ ಬಿಟ್ಟವರೂ ಅದೇ ಪಟ್ಟಿಯಲ್ಲಿ ಸೇರಿಕೊಳ್ಳುತ್ತಾರೆ. ಯಾವುದು ಮೊದಲು ಯಾವುದು ಆಮೇಲೆ ಅಂತ ಪಟ್ಟಿ ಹೇಳುವುದಿಲ್ಲ. ಕೆಲವರಿಗೆ ತಿಂಡಿ ಕೊಟ್ಟು, ಕೆಲವರಿಗೆ ಬಿಡಿಸಿ ಹೋಲಿಸಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2019ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವಿಶ್ಲೇಷಣೆ ಬಂತು. ತಿಂಡಿ ತಿಂದವರು ಇಡೀ ದಿನದಲ್ಲಿ ಸುಮಾರು 260 ಕ್ಯಾಲೊರಿ ಜಾಸ್ತಿಯೇ ತಿಂದಿದ್ದರು. ತಿಂಡಿ ಬಿಟ್ಟವರ ತೂಕ ತಿಂದವರಿಗಿಂತ ಹತ್ತಿರ ಹತ್ತಿರ ಅರ್ಧ ಕೆಜಿ ಕಡಿಮೆ ಇತ್ತು. ಅಂದರೆ ತಿಂಡಿಯಿಂದ ತೂಕ ಇಳಿಯುತ್ತದೆ ಅನ್ನುವುದಕ್ಕೂ ಆಧಾರ ಇಲ್ಲ, ತಿಂಡಿ ಬಿಟ್ಟರೆ ಚೆನ್ನಾಗಿ ಇಳಿಯುತ್ತದೆ ಅನ್ನುವಷ್ಟು ಲಾಭವೂ ಇಲ್ಲ.

ರಾತ್ರಿ ಊಟದ ಬಗ್ಗೆಯೂ ಇದೇ ತರಹದ ಒಂದು ನಂಬಿಕೆ ಇದೆ. ಕತ್ತಲಾದ ಮೇಲೆ ತಿಂದದ್ದು ನೇರ ಹೊಟ್ಟೆಯ ಕೊಬ್ಬಿಗೆ ಹೋಗುತ್ತದೆ ಅನ್ನುವುದು. ಪ್ರತಿ ಊಟ ಆದ ಮೇಲೂ ದೇಹ ಸ್ವಲ್ಪ ಕೊಬ್ಬನ್ನು ಶೇಖರಿಸುತ್ತದೆ, ಊಟಗಳ ನಡುವೆ ಅದನ್ನೇ ತೆಗೆದು ಸುಡುತ್ತದೆ. ನಿದ್ದೆಯಲ್ಲೂ ಸುಡುತ್ತದೆ. ನಿಮ್ಮ ಅಂಗಡಿಯಲ್ಲಿ ಬೆಳಗಿನ ವ್ಯಾಪಾರದ ದುಡ್ಡೂ ರಾತ್ರಿಯ ವ್ಯಾಪಾರದ ದುಡ್ಡೂ ಬೀಳುವುದು ಒಂದೇ ಗಲ್ಲಾಪೆಟ್ಟಿಗೆಗೆ ಅಲ್ವಾ, ತಿಂಗಳ ಕೊನೆಗೆ ನೋಡುವುದು ಒಟ್ಟು ಬಂದದ್ದೆಷ್ಟು, ಹೋದದ್ದೆಷ್ಟು ಅಂತ. ಕೊಬ್ಬಿನ ಲೆಕ್ಕವೂ ಬಹುಪಾಲು ಹಾಗೆಯೇ.

ಬಹುಪಾಲು ಅಂದೆ, ಪೂರ್ತಿ ಅನ್ನಲಿಲ್ಲ. ಯಾಕೆ ಅಂತ ಹೇಳಲು ಎರಡು ಪ್ರಯೋಗಗಳ ವಿಷಯ ಹೇಳಬೇಕು. ಎರಡೂ 2022ರಲ್ಲಿ ಬಂದವು, ಮೇಲ್ನೋಟಕ್ಕೆ ಒಂದಕ್ಕೊಂದು ಎದುರು ಹೇಳುವ ಹಾಗಿವೆ.

ಮೊದಲನೆಯದು ಸ್ಕಾಟ್ಲೆಂಡಿನ ಅಬರ್ಡೀನ್‌ನದ್ದು. ತೂಕ ಜಾಸ್ತಿ ಇದ್ದ 30 ಜನ. ನಾಲ್ಕು ವಾರ ಬೆಳಿಗ್ಗೆ ಭರ್ಜರಿ, ರಾತ್ರಿ ಚಿಕ್ಕ ಊಟ. ಇನ್ನು ನಾಲ್ಕು ವಾರ ಅದರ ಉಲ್ಟಾ. ಊಟ ಎಲ್ಲವನ್ನೂ ಸಂಶೋಧಕರೇ ಅಳೆದು ಕೊಟ್ಟರು, ದಿನದ ಒಟ್ಟು ಕ್ಯಾಲೊರಿ ಎರಡೂ ಅವಧಿಯಲ್ಲಿ ಒಂದೇ. ಎರಡೂ ಸಲ ಇಳಿದ ತೂಕ ಸುಮಾರು 3.3 ಕೆಜಿ. ದೇಹ ಸುಟ್ಟ ಶಕ್ತಿಯೂ ಒಂದೇ. ಬೆಳಗ್ಗಿನ ದೊಡ್ಡ ಊಟದ ಅವಧಿಯಲ್ಲಿ ಮಾತ್ರ ಹಸಿವು ಕಡಿಮೆ ಇತ್ತು ಅಂತ ಅವರು ಹೇಳಿದರು.

ಎರಡನೆಯದು ಅಮೆರಿಕದ ಬಾಸ್ಟನ್‌ನದ್ದು. ಇಲ್ಲಿ 16 ಜನರನ್ನು ಪ್ರಯೋಗಾಲಯದಲ್ಲೇ ಇರಿಸಿಕೊಂಡು, ಅದೇ ಊಟಗಳನ್ನು ಸುಮಾರು ನಾಲ್ಕು ಗಂಟೆ ತಡವಾಗಿ ಕೊಟ್ಟು ನೋಡಿದರು. ತಡವಾಗಿ ತಿಂದಾಗ ಹಸಿವು ಜಾಸ್ತಿಯಾಯಿತು. ಹೊಟ್ಟೆ ತುಂಬಿದೆ ಅಂತ ಮಿದುಳಿಗೆ ಹೇಳುವ ಲೆಪ್ಟಿನ್ ಹಾರ್ಮೋನ್ ಇಳಿಯಿತು. ಎಚ್ಚರ ಇದ್ದ ಹೊತ್ತಿನಲ್ಲಿ ದೇಹ ಸುಡುವ ಶಕ್ತಿ ಸುಮಾರು ಶೇ. 5ರಷ್ಟು ತಗ್ಗಿತು. ಇದು ಕೆಲವೇ ದಿನಗಳ ಪ್ರಯೋಗ, ತೂಕ ಬದಲಾಗುತ್ತದಾ ಅಂತ ನೋಡಲು ಮಾಡಿದ್ದಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯದಲ್ಲಿ ಎರಡಕ್ಕೂ ಒಮ್ಮತ ಇದೆ. ಅದು ಹಸಿವು. ತಟ್ಟೆಗೆ ಬೀಳುವುದನ್ನು ಬೇರೆಯವರು ಅಳೆದು ಹಾಕುತ್ತಿದ್ದರೆ ಸಮಯ ಬದಲಾದರೂ ತೂಕ ಅಷ್ಟಾಗಿ ಬದಲಾಗುವುದಿಲ್ಲ. ಆದರೆ ನಮಗೆ ಯಾರು ಅಳೆದು ಕೊಡುತ್ತಾರೆ? ಹಸಿವು ಜಾಸ್ತಿ ಆದರೆ ಕೈ ಮುಂದೆ ಹೋಗುತ್ತದೆ. ನನ್ನ ಹತ್ತಿರ ಬರುವವರಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ಊಟದ ಹೊತ್ತು ತಾನಾಗಿ ತೂಕ ಏರಿಸುವುದಿಲ್ಲ. ಹೊತ್ತು ತಪ್ಪಿದಾಗ ಹುಟ್ಟುವ ಹಸಿವು, ಆ ಹಸಿವಿನ ಎದುರಿಗೆ ಆ ಕ್ಷಣ ಏನು ಸಿಗುತ್ತದೆ ಅನ್ನುವುದು ತೂಕ ಏರಿಸುತ್ತದೆ.

ಈಗ ನಿಮ್ಮ ದಿನಕ್ಕೆ ಬರೋಣ. ನೀವು ಬರೆದ ಪಟ್ಟಿ ಹಿಡಿದು ನಾನು ಅಂದಾಜು ಲೆಕ್ಕ ಹಾಕಿದ್ದೇನೆ. ಮನೆಮನೆಗೆ ಎಣ್ಣೆ, ತಟ್ಟೆಯ ಅಳತೆ ಬೇರೆ ಇರುವುದರಿಂದ ಅಲ್ಲಿ ಇಲ್ಲಿ ಐವತ್ತು ನೂರು ಆಚೀಚೆ ಆಗಬಹುದು.

ಹಾಲು, ಸಕ್ಕರೆ ಹಾಕಿದ ಎರಡು ಲೋಟ ಕಾಫಿಗೆ ಸುಮಾರು 180 ಕ್ಯಾಲೊರಿ. ಮಧ್ಯಾಹ್ನದ ಊಟ ಸುಮಾರು 700. ಅದು ಒಳ್ಳೆಯ ಊಟ, ಅದರ ಬಗ್ಗೆ ನನ್ನ ತಕರಾರಿಲ್ಲ. ಸಂಜೆಯದ್ದು ನೋಡಿ. ಮಂಡಕ್ಕಿ ಹಗುರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತೂಕಕ್ಕೆ ಹಗುರ ನಿಜ, ಆದರೆ 40 ಗ್ರಾಂ ಮಂಡಕ್ಕಿಗೇ 150 ಕ್ಯಾಲೊರಿ ಇರುತ್ತದೆ, ಅದರ ಮೇಲೆ ಒಗ್ಗರಣೆ ಎಣ್ಣೆ, ಶೇಂಗಾ, ಪುಟಾಣಿ ಬಿದ್ದರೆ ಒಂದು ಪ್ಲೇಟು 300 ದಾಟುತ್ತದೆ. ಕಡಲೆ ಹಿಟ್ಟಲ್ಲಿ ಅದ್ದಿ ಕರಿದ ದೊಡ್ಡ ಮಿರ್ಚಿ ಒಂದಕ್ಕೆ 120ರಿಂದ 150. ಎರಡು ಮಿರ್ಚಿ, ಟೀ ಸೇರಿಸಿದರೆ ಸಂಜೆ 6ರ ಆ ಹದಿನೈದು ನಿಮಿಷಕ್ಕೆ ಸುಮಾರು 640 ಕ್ಯಾಲೊರಿ. ಮಧ್ಯಾಹ್ನದ ಪೂರ್ತಿ ಊಟಕ್ಕೆ ಹತ್ತಿರ ಹತ್ತಿರ. ರಾತ್ರಿ ಊಟದಲ್ಲಿ ಏನಿರುತ್ತದೆ ಅಂತ ನೀವು ಬರೆದಿಲ್ಲ. ರೊಟ್ಟಿ, ಅನ್ನ, ಸಾರು, ಜೊತೆಗೆ ಹಪ್ಪಳ ಅಂತ ಇಟ್ಟುಕೊಂಡರೆ 750ರಿಂದ 800. ಒಟ್ಟು 2,300ರ ಆಸುಪಾಸು. ದಿನದ ಹೆಚ್ಚು ಹೊತ್ತು ಅಂಗಡಿಯಲ್ಲೇ ಇರುವ 81 ಕೆಜಿ ತೂಕದ ನಿಮ್ಮ ವಯಸ್ಸಿನವರು ಖರ್ಚು ಮಾಡುವುದೂ ಸುಮಾರು ಅಷ್ಟೇ. ಅಂದರೆ ನಿಮ್ಮ ತೂಕ ಈಗ 81ರ ಹತ್ತಿರ ನಿಂತಿರಬಹುದು.

ಈಗ ಹಿಂದಕ್ಕೆ ಹೋಗಿ. ನೀವು ಬಿಟ್ಟ ತಿಂಡಿ ಎಷ್ಟರದ್ದು? ಮೂರು ಇಡ್ಲಿ, ಚಟ್ನಿ, ಸಾಂಬಾರ್, ಇಲ್ಲ ಒಂದು ಪ್ಲೇಟ್ ಉಪ್ಪಿಟ್ಟು ಅಂದರೆ 300ರಿಂದ 350. ದಿನಾ ಬೆಣ್ಣೆ ದೋಸೆ ತಿನ್ನುತ್ತಿರಲಿಲ್ಲ ಅಂದುಕೊಂಡಿದ್ದೇನೆ! ಆ 350ನ್ನು ಬೆಳಿಗ್ಗೆ ಉಳಿಸಿದಿರಿ. ಸಂಜೆ 640 ಸೇರಿತು. ಪೂರ್ತಿ ವ್ಯತ್ಯಾಸ ದಿನಾ ಉಳಿದಿದ್ದರೆ ತೂಕ ಇನ್ನೂ ಏರಬೇಕಿತ್ತು. ಬಹುಶಃ ಮಿರ್ಚಿ ತಿಂದ ದಿನ ರಾತ್ರಿ ಒಂದು ರೊಟ್ಟಿ ಕಡಿಮೆ ತಿಂದಿರುತ್ತೀರಿ, ಭಾನುವಾರ ಅಂಗಡಿ ಮುಚ್ಚಿದಾಗ ಮಂಡಕ್ಕಿ ತಪ್ಪಿರುತ್ತದೆ. ಆದರೆ ಏಳು ಕೆಜಿ ಏರಲು ಅಷ್ಟು ದೊಡ್ಡ ಹೆಚ್ಚಳ ಬೇಕಾಗಿಯೂ ಇಲ್ಲ. ಏಳು ಕೆಜಿ ಜಾಸ್ತಿ ಇರುವ ದೇಹವನ್ನು ಹಾಗೇ ಉಳಿಸಿಕೊಳ್ಳಲು ದಿನಕ್ಕೆ ಹೆಚ್ಚಾಗಿ ಬೇಕಾಗುವುದು ಸುಮಾರು 100ರಿಂದ 150 ಕ್ಯಾಲೊರಿ ಮಾತ್ರ. ಒಂದು ಮಿರ್ಚಿ.

ಸ್ನೇಹಿತರು ಹೇಳುವ 16 ಗಂಟೆ ಉಪವಾಸದ ಬಗ್ಗೆ. ನಿಮ್ಮ ರಾತ್ರಿ ಊಟ ಮುಗಿಯುವುದು 11ಕ್ಕೆ. ಮುಂದಿನ ಊಟ ಮಧ್ಯಾಹ್ನ 2ಕ್ಕೆ. ನಡುವೆ 15 ಗಂಟೆ. ಕಾಫಿ ಒಂದನ್ನು ಬಿಟ್ಟರೆ, ಅವರು ಹೇಳುವ ಉಪವಾಸವನ್ನು ನೀವು ಎರಡೂವರೆ ವರ್ಷದಿಂದ ಮಾಡುತ್ತಲೇ ಇದ್ದೀರಿ. ಫಲಿತಾಂಶ ತಕ್ಕಡಿಯ ಮೇಲಿದೆ. ಉಪವಾಸದ ಗಂಟೆಗಳೇ ಕೆಲಸ ಮಾಡುವುದಾಗಿದ್ದರೆ ಇಷ್ಟರಲ್ಲಿ ಮಾಡಬೇಕಿತ್ತು. ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ನಡೆದ ಪ್ರಯೋಗವೂ ಇದನ್ನೇ ತೋರಿಸಿತು. ಎರಡೂ ಗುಂಪಿಗೆ ಕ್ಯಾಲೊರಿ ಕಡಿಮೆ ಮಾಡಿದರು. ಒಂದು ಗುಂಪು ಬೆಳಿಗ್ಗೆ 8ರಿಂದ ಸಂಜೆ 4ರ ಒಳಗೆ ಮಾತ್ರ ತಿನ್ನಬೇಕಿತ್ತು, ಇನ್ನೊಂದಕ್ಕೆ ಸಮಯದ ಕಟ್ಟು ಇರಲಿಲ್ಲ. ಎರಡೂ ಗುಂಪಿನಲ್ಲಿ ತೂಕ ಇಳಿಯಿತು, ಇಳಿದದ್ದರಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಹೊತ್ತು ಗೊತ್ತು ಮಾಡಿಕೊಂಡರೆ ತಿನ್ನುವುದು ತಾನಾಗಿ ಕಡಿಮೆಯಾಗುವ ಜನ ಇದ್ದಾರೆ, ಅವರಿಗೆ ಅದು ಒಳ್ಳೆಯ ಉಪಾಯ. ನೀವು ಆ ಗುಂಪಿನವರಲ್ಲ ಅಂತ ನಿಮ್ಮ ಸಂಜೆಯೇ ಹೇಳುತ್ತಿದೆ.

ತೂಕದ ಮಾತು ಇಲ್ಲಿಗೆ ಸಾಕು. ನಿಮ್ಮ ವಿಷಯದಲ್ಲಿ ನನಗೆ ತೂಕಕ್ಕಿಂತ ಜಾಸ್ತಿ ಯೋಚನೆ ಎಚ್‌ಬಿಎ1ಸಿಯ ಆ 6.1ರ ಬಗ್ಗೆ. 5.7ರಿಂದ 6.4ರವರೆಗೆ ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಅಂತ ಅರ್ಥ. ಇಲ್ಲಿ ಗಡಿಯಾರಕ್ಕೆ ನಿಜವಾಗಿಯೂ ಕೈ ಇದೆ.

ನಮ್ಮ ದೇಹದಲ್ಲಿ ಇನ್ಸುಲಿನ್ ಬೆಳಗ್ಗೆ ಚುರುಕು, ರಾತ್ರಿ ಮಂದ. ಕತ್ತಲಾಗಿ ಮಲಗುವ ಹೊತ್ತು ಹತ್ತಿರ ಬಂದ ಹಾಗೆ ಮೆಲಟೋನಿನ್ ಅನ್ನುವ ಹಾರ್ಮೋನ್ ಏರುತ್ತದೆ. ಅದು ನಿದ್ದೆಗೆ ಅಣಿ ಮಾಡುತ್ತದೆ, ಜೊತೆಗೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬರುವುದನ್ನೂ ತಗ್ಗಿಸುತ್ತದೆ. ಹಾಗಾಗಿ ಅದೇ ಅನ್ನ, ಅದೇ ಸಾರು, ಅದೇ ಅಳತೆಯಲ್ಲಿ ಮಧ್ಯಾಹ್ನ ಉಂಡಾಗ ಏರುವುದಕ್ಕಿಂತ ರಾತ್ರಿ 10:45ಕ್ಕೆ ಉಂಡಾಗ ಸಕ್ಕರೆ ಜಾಸ್ತಿ ಏರುತ್ತದೆ, ಇಳಿಯಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ನೀವು ನಿದ್ದೆಯಲ್ಲಿರುವಾಗ ಅದು ಮೇಲೆಯೇ ಇರುತ್ತದೆ. ಎಚ್‌ಬಿಎ1ಸಿ ಅನ್ನುವುದು ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ. ಆ ರಾತ್ರಿಗಳೂ ಅದರಲ್ಲಿ ಸೇರುತ್ತವೆ. ತೂಕ ಒಂದು ಗ್ರಾಂ ಬದಲಾಗದಿದ್ದರೂ ಊಟ ಬೇಗ ಮಾಡುವುದರಿಂದ ಇಲ್ಲಿ ಲಾಭ ಇದೆ.

ಇದನ್ನು ನನ್ನ ಮಾತಿಗೆ ನಂಬಬೇಕಾಗಿಲ್ಲ, ನೀವೇ ನೋಡಬಹುದು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಒಂದು ಭಾನುವಾರ ರಾತ್ರಿ 7ಕ್ಕೆ ಎರಡು ರೊಟ್ಟಿ, ಪಲ್ಯ, ಒಂದು ಬಟ್ಟಲು ಅನ್ನ ಸಾರು ಉಣ್ಣಿ. ಮೊದಲ ತುತ್ತಿನಿಂದ ಎರಡು ಗಂಟೆಗೆ ಸರಿಯಾಗಿ ಬೆರಳು ಚುಚ್ಚಿ ನೋಡಿ. ಇನ್ನೊಂದು ದಿನ ಅದೇ ಊಟ, ಅದೇ ಅಳತೆ 10:45ಕ್ಕೆ, ಮತ್ತೆ ಎರಡು ಗಂಟೆಗೆ. ಅವತ್ತು ಎದ್ದಿರಬೇಕಾಗುತ್ತದೆ, ಹಾಗಾಗಿ ಮರುದಿನ ಅಂಗಡಿ ಬೇಗ ತೆಗೆಯಬೇಕಿಲ್ಲದ ರಾತ್ರಿ ಆರಿಸಿಕೊಳ್ಳಿ. ಎರಡೂ ದಿನ ಸಂಜೆ ಮಂಡಕ್ಕಿ ಬೇಡ, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಎರಡು ಗಂಟೆಯ ನಂತರ 140ರ ಒಳಗಿದ್ದರೆ ಒಳ್ಳೆಯದು. ಮೀಟರಿನಲ್ಲಿ ಹತ್ತು ಹದಿನೈದು ಆಚೀಚೆ ಆಗುವುದು ಸಹಜ, ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೂವತ್ತು ನಲವತ್ತರ ಅಂತರ ಕಂಡರೆ ಅದು ನಿಜವಾದ ಅಂತರ.

ಎದೆಯುರಿಗೆ ಬಂದರೆ ವಿಷಯ ಇನ್ನೂ ಸರಳ. ಉಂಡ 45 ನಿಮಿಷಕ್ಕೆ ಮಲಗುತ್ತಿದ್ದೀರಿ. ಹೊಟ್ಟೆ ಇನ್ನೂ ತುಂಬಿರುತ್ತದೆ, ಅಡ್ಡ ಮಲಗಿದಾಗ ಆಮ್ಲ ಅನ್ನನಾಳಕ್ಕೆ ಏರುತ್ತದೆ. ದೊಡ್ಡ ಊಟಕ್ಕೂ ಹಾಸಿಗೆಗೂ ನಡುವೆ ಎರಡು ಮೂರು ಗಂಟೆ ಬೇಕು. ಎಡ ಮಗ್ಗುಲಿಗೆ ಮಲಗುವುದು, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಅರ್ಧ ಅಡಿಯಷ್ಟು ಎತ್ತರಕ್ಕೆ ಗಟ್ಟಿ ಹಲಗೆ ಇಡುವುದು, ಎರಡೂ ಸಹಾಯ ಮಾಡುತ್ತವೆ. ದಿಂಬು ಮೇಲೆ ದಿಂಬು ಇಟ್ಟರೆ ಹೊಟ್ಟೆ ಮಡಚಿ ಇನ್ನೂ ಕೆಡುತ್ತದೆ. ನುಂಗಲು ಕಷ್ಟ, ಕಪ್ಪು ಮಲ, ವಾಂತಿಯಲ್ಲಿ ರಕ್ತ ಕಂಡರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಮೆಟ್ಟಿಲು ಹತ್ತಿದಾಗ ಎದೆ ಹಿಡಿದ ಹಾಗಾಗಿ ಕೈಗೋ ದವಡೆಗೋ ನೋವು ಹರಡಿದರೆ ಅದನ್ನು ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ನಿಮ್ಮ ವಯಸ್ಸು, ತೂಕ, ಸಕ್ಕರೆ ನೋಡಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹಾಗಿದ್ದರೆ ಏನು ಮಾಡಬಹುದು? ಮೂರು ದಾರಿ ಇವೆ, ಮೂರಕ್ಕೂ ಅದರದೇ ಅಪಾಯ ಇದೆ.

ನಿಮಗೆ ನಾನು ಮೊದಲು ಹೇಳುವುದು ರಾತ್ರಿ ಊಟವನ್ನು ಎರಡು ಭಾಗ ಮಾಡಿ, ದೊಡ್ಡ ಭಾಗವನ್ನು ಅಂಗಡಿಗೆ ತರುವುದು. ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದಾಗಲೇ ಡಬ್ಬಿ ಕಟ್ಟಿಸಿಕೊಳ್ಳಿ. ಎರಡು ಜೋಳದ ರೊಟ್ಟಿ, ಹೆಸರುಕಾಳಿನದ್ದೋ ಅಲಸಂದೆಯದ್ದೋ ಪಲ್ಯ, ಸೌತೆಕಾಯಿ, ಸ್ವಲ್ಪ ಶೇಂಗಾ ಚಟ್ನಿಪುಡಿ. ಸುಮಾರು 450 ಕ್ಯಾಲೊರಿ. ಖಡಕ್ ರೊಟ್ಟಿ ಆದರೆ ಸಂಜೆಯವರೆಗೆ ಕೆಡುವ ಚಿಂತೆಯೂ ಇಲ್ಲ. ಪಲ್ಯ ಮಾತ್ರ ತೆಂಗಿನಕಾಯಿ ಹಾಕದೆ, ನೀರಿಲ್ಲದೆ ಮಾಡಿಸಿ, ಬೇಸಿಗೆಯಲ್ಲಿ ಹಳಸುತ್ತದೆ. ಇದನ್ನು ತಿನ್ನುವುದು 6ಕ್ಕೆ, ಅಂದರೆ ಮಂಡಕ್ಕಿಯ ಹೊತ್ತಿಗೇ. 7:30ಕ್ಕೆ ಅಂತ ಇಟ್ಟುಕೊಂಡರೆ ಅಷ್ಟರೊಳಗೆ ಮಂಡಕ್ಕಿ ಬಂದುಬಿಡುತ್ತದೆ, ಗಿರಾಕಿಗಳೂ ಬಂದುಬಿಡುತ್ತಾರೆ. ರಾತ್ರಿ ಮನೆಗೆ ಹೋದಾಗ ಮನೆಯವರ ಜೊತೆ ಕುಳಿತು ಅರ್ಧ ಬಟ್ಟಲು ಅನ್ನಕ್ಕೆ ಸಾರು ಅಥವಾ ಮಜ್ಜಿಗೆ, ಸ್ವಲ್ಪ ಪಲ್ಯ. 200 ಕ್ಯಾಲೊರಿ. ಬರೀ ಹೊಟ್ಟೆಯಲ್ಲಿ ಮಲಗಿ ಅಂತ ನಾನು ಹೇಳುವುದಿಲ್ಲ. ಇಡೀ ದಿನದಲ್ಲಿ ಮನೆಯವರ ಜೊತೆ ಕೂರುವುದು ಅದೊಂದೇ ಹೊತ್ತು ಇರಬಹುದು, ಅದನ್ನು ಕಳೆದುಕೊಳ್ಳುವ ಪಥ್ಯ ನಾಲ್ಕು ದಿನಕ್ಕಿಂತ ಜಾಸ್ತಿ ನಡೆಯುವುದಿಲ್ಲ.

ಇದರ ಅಪಾಯ ಒಂದೇ, ಆದರೆ ದೊಡ್ಡದು. ಡಬ್ಬಿಯೂ ತಿಂದು, ರಾತ್ರಿ ಎಂದಿನಂತೆ ತಟ್ಟೆ ತುಂಬಾ ಊಟವೂ ಆಗುವುದು. ಸಂಜೆ ಉಂಡಿದ್ದು ಊಟ ಅಂತ ಮನಸ್ಸು ಒಪ್ಪುವುದಿಲ್ಲ. ತಟ್ಟೆ ಬದಲು ಬಟ್ಟಲಲ್ಲಿ ಹಾಕಿಸಿಕೊಳ್ಳಿ. ಎರಡನೇ ಸಲ ಬಡಿಸಬೇಡ ಅಂತ ಮನೆಯಲ್ಲಿ ಮೊದಲೇ ಹೇಳಿಡಿ, ಯಾಕೆ ಅಂತಲೂ ಹೇಳಿ. ಹುಡುಗರ ಜೊತೆಗಿನ ಮಂಡಕ್ಕಿ ಪೂರ್ತಿ ಬಿಡಬೇಕಿಲ್ಲ. ವಾರಕ್ಕೆ ಒಂದು ದಿನ ಇರಲಿ, ಅವತ್ತು ಒಂದು ಮಿರ್ಚಿ, ಡಬ್ಬಿಯಲ್ಲಿ ಒಂದು ರೊಟ್ಟಿ ಕಡಿಮೆ.

ಎರಡನೇ ದಾರಿ, ನಿಮ್ಮ ಹೆಂಡತಿ ಹೇಳುವ ಹಾಗೆ ತಿಂಡಿಗೆ ಮರಳುವುದು. ಈಗ ನಿಮಗೆ ಬೆಳಿಗ್ಗೆ ಹಸಿವೇ ಆಗುವುದಿಲ್ಲ ಅಂತ ನನ್ನ ಊಹೆ. ರಾತ್ರಿ 11ರವರೆಗೆ ಉಂಡವರಿಗೆ ಬೆಳಿಗ್ಗೆ 8ಕ್ಕೆ ಹಸಿವಾಗದಿರುವುದು ಸಹಜ. ರಾತ್ರಿ ಊಟ ಹಗುರವಾದ ವಾರದೊಳಗೆ ಬೆಳಗಿನ ಹಸಿವು ವಾಪಸ್ ಬರುವುದನ್ನು ಬಹಳ ಜನರಲ್ಲಿ ನೋಡಿದ್ದೇನೆ. ಆಗ ಮೂರು ಇಡ್ಲಿ ಸಾಂಬಾರ್, ಇಲ್ಲ ಮೊಳಕೆಕಾಳು ಹಾಕಿದ ಉಪ್ಪಿಟ್ಟು, ಇಲ್ಲ ಮೊಟ್ಟೆ ತಿನ್ನುವವರಾದರೆ ಎರಡು ಮೊಟ್ಟೆ ಒಂದು ಚಪಾತಿ ತಿನ್ನಿ. ಸಕ್ಕರೆಯ ದೃಷ್ಟಿಯಿಂದಲೂ ಇದು ಒಳ್ಳೆಯದು. ಬೆಳಿಗ್ಗೆ ಏನಾದರೂ ತಿಂದಿದ್ದರೆ ಮಧ್ಯಾಹ್ನದ ಊಟದ ನಂತರ ಸಕ್ಕರೆ ಅಷ್ಟು ನೆಗೆಯುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದನ್ನು ಅಳೆದು ನೋಡಿದ್ದಾರೆ. ಅಪಾಯ ಏನೆಂದರೆ, ಸಂಜೆಯದ್ದು ಹಾಗೇ ಉಳಿದು ತಿಂಡಿ ಮಾತ್ರ ಸೇರಿಕೊಳ್ಳುವುದು. ಆ 260 ಕ್ಯಾಲೊರಿಯ ಲೆಕ್ಕ ನೆನಪಿರಲಿ. ಗೊತ್ತು ಮಾಡಿಕೊಳ್ಳುವುದು ಸುಲಭ. ತಿಂಡಿ ಶುರು ಮಾಡಿದ ಎರಡು ವಾರದಲ್ಲಿ ಸಂಜೆಯ ಹಸಿವು ಕಡಿಮೆಯಾಗದಿದ್ದರೆ ತಿಂಡಿ ನಿಮಗೆ ಆ ಕೆಲಸ ಮಾಡುತ್ತಿಲ್ಲ. ಆಗ ಅದನ್ನು ಚಿಕ್ಕದು ಮಾಡಿ.

ಮೂರನೆಯದು ತಿಂಡಿ ಬಿಟ್ಟೇ ಮುಂದುವರಿಯುವುದು. ಬೆಳಿಗ್ಗೆ ತಿಂದರೆ ಹೊಟ್ಟೆ ಭಾರ ಅನ್ನುವವರು ಇದ್ದಾರೆ, ಅವರಿಗೆ ನಾನು ಬಲವಂತ ಮಾಡುವುದಿಲ್ಲ. ಹಾಗೆ ಮಾಡುವುದಾದರೆ ಮಧ್ಯಾಹ್ನದ ಊಟವನ್ನು 2ರಿಂದ 12:30ಕ್ಕೆ ತನ್ನಿ, ಕಾಫಿಗೆ ಸಕ್ಕರೆ ಅರ್ಧ ಮಾಡಿ, ಸಂಜೆ ಡಬ್ಬಿ ತಪ್ಪಿಸಬೇಡಿ. ಇಲ್ಲಿ ಒಂದು ಎಚ್ಚರಿಕೆ ಇದೆ. ಮುಂದೆ ಯಾವತ್ತಾದರೂ ಡಾಕ್ಟರು ಸಕ್ಕರೆಗೆ ಮಾತ್ರೆ ಬರೆದರೆ, ಅದರಲ್ಲೂ ಗ್ಲಿಮೆಪಿರೈಡ್ ತರಹದ್ದು ಅಥವಾ ಇನ್ಸುಲಿನ್ ಆದರೆ, ಬೆಳಿಗ್ಗೆ ಔಷಧಿ ತೆಗೆದುಕೊಂಡು ತಿಂಡಿ ಬಿಡುವುದು ಅಪಾಯ. ಸಕ್ಕರೆ ಕುಸಿದು ಬೆವರು, ನಡುಕ, ತಲೆ ಸುತ್ತು ಬರುತ್ತದೆ, ಗಾಡಿ ಓಡಿಸುವಾಗ ಪ್ರಜ್ಞೆಯೇ ತಪ್ಪಬಹುದು. ನಾನು ಬೆಳಿಗ್ಗೆ ಏನೂ ತಿನ್ನುವುದಿಲ್ಲ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಅವರು ಮಾತ್ರೆ ಅಥವಾ ಹೊತ್ತು ಬದಲಿಸುತ್ತಾರೆ. ಈಗಾಗಲೇ ಇಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಗರ್ಭಿಣಿಯರು, ಪಿತ್ತಕೋಶದಲ್ಲಿ ಕಲ್ಲು ಇರುವವರು ಇದನ್ನು ಓದಿ ತಾವಾಗಿ ದೀರ್ಘ ಉಪವಾಸ ಶುರು ಮಾಡಬೇಡಿ.

ನಿಮಗೆ ನನ್ನ ಆಯ್ಕೆ ಮೊದಲನೆಯದು. ಅದರಿಂದ ಬೆಳಗಿನ ಹಸಿವು ಮರಳಿದರೆ ಎರಡನೆಯದೂ ತಾನಾಗಿ ಸೇರುತ್ತದೆ. ಸಕ್ಕರೆ ಅರ್ಧ ಮಾಡಿದ ಕಾಫಿ, ಇಡ್ಲಿ, ಈಗಿನ ಮಧ್ಯಾಹ್ನದ ಊಟ, ಡಬ್ಬಿ, ರಾತ್ರಿಯ ಬಟ್ಟಲು, ಎಲ್ಲ ಸೇರಿ 1,800ರಿಂದ 1,900. ಈಗಿಗಿಂತ ಸುಮಾರು 400 ಕಡಿಮೆ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ, ಹಾಗಾಗಿ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಒಂದರಿಂದ ಒಂದೂವರೆ ಕೆಜಿ ಇಳಿಯಬೇಕು. ತೂಕ ಇಳಿದ ಹಾಗೆ ದೇಹದ ಖರ್ಚೂ ಇಳಿಯುವುದರಿಂದ ಆಮೇಲೆ ವೇಗ ತಗ್ಗುತ್ತದೆ, ಅದು ಸಹಜ.

ತೂಕ ನೋಡುವುದರಲ್ಲಿ ಒಂದು ಮೋಸ ಇದೆ, ಅದಕ್ಕೆ ಬೀಳಬೇಡಿ. ರಾತ್ರಿ ತಡವಾಗಿ, ಉಪ್ಪು ಜಾಸ್ತಿ ಇರುವ ಊಟ ಮಾಡಿದರೆ ಮರುದಿನ ಬೆಳಿಗ್ಗೆ ತಕ್ಕಡಿ ಅರ್ಧ ಒಂದು ಕೆಜಿ ಜಾಸ್ತಿ ತೋರಿಸುತ್ತದೆ. ಅದು ಕೊಬ್ಬಲ್ಲ. ಕರುಳಲ್ಲಿ ಇನ್ನೂ ಇರುವ ಅನ್ನ, ಉಪ್ಪು ಹಿಡಿದಿಟ್ಟ ನೀರು. ಹಾಗೆಯೇ ರಾತ್ರಿ ಊಟ ಹಗುರ ಮಾಡಿದ ಮೊದಲ ವಾರ ಒಂದು ಕೆಜಿ ಇಳಿದರೆ ಅದೂ ಬಹುಪಾಲು ನೀರೇ. ರಾತ್ರಿ ಊಟ ತೂಕ ಏರಿಸುತ್ತದೆ ಅನ್ನುವ ನಂಬಿಕೆ ಇಷ್ಟು ಗಟ್ಟಿಯಾಗಲು ಈ ಬೆಳಗಿನ ತಕ್ಕಡಿಯೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ವಾರಕ್ಕೆ ಮೂರು ದಿನ, ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ ತೂಕ ನೋಡಿ, ಸರಾಸರಿ ಬರೆದಿಡಿ. ಹೋದ ವಾರದ ಸರಾಸರಿಯ ಜೊತೆ ಹೋಲಿಸಿ. ಹದಿನೈದು ದಿನಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆಯನ್ನೂ ಅಳೆಯಿರಿ, ಟೇಪ್ ನಿಮ್ಮ ಅಂಗಡಿಯಲ್ಲೇ ಇದೆ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ. ಒಳಗೆ ಇರಬೇಕು.

ನಾಲ್ಕು ವಾರವಾದರೂ ಸರಾಸರಿ ಅಲುಗಾಡದಿದ್ದರೆ ಊಟದ ಹೊತ್ತನ್ನು ಮತ್ತೆ ಬದಲಿಸಲು ಹೋಗಬೇಡಿ. ಮೂರು ದಿನ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ, ಗಿರಾಕಿಗಳ ಜೊತೆ ಕುಡಿದ ಟೀ, ಮಗು ಬಿಟ್ಟ ಬಿಸ್ಕತ್ತು ಸಮೇತ. ಕಾರಣ ಹೆಚ್ಚಿನ ಸಲ ಆ ಹಾಳೆಯಲ್ಲೇ ಸಿಗುತ್ತದೆ.

ಎಚ್‌ಬಿಎ1ಸಿಯನ್ನು ಈ ಬದಲಾವಣೆ ಶುರು ಮಾಡಿದ ಮೂರು ತಿಂಗಳಿಗೆ ಮತ್ತೆ ಮಾಡಿಸಿ. ಅದಕ್ಕಿಂತ ಮೊದಲು ಮಾಡಿಸಿದರೆ ಹಳೆಯ ತಿಂಗಳುಗಳ ಸಕ್ಕರೆಯೇ ಅದರಲ್ಲಿ ಕಾಣುತ್ತದೆ, ಸುಮ್ನೆ ದುಡ್ಡು ದಂಡ. ಆಗ 5.7ರ ಕೆಳಗೆ ಬಂದಿದ್ದರೆ ವರ್ಷಕ್ಕೊಮ್ಮೆ ಸಾಕು. 6ರ ಆಸುಪಾಸಿನಲ್ಲೇ ನಿಂತಿದ್ದರೆ ಊಟದ ಜೊತೆ ನಡಿಗೆಯನ್ನೂ ಸೇರಿಸಿ, ಡಬ್ಬಿ ತಿಂದ ಮೇಲೆ ಅಂಗಡಿ ಮುಂದಿನ ರಸ್ತೆಯಲ್ಲಿ ಹತ್ತು ನಿಮಿಷವಾದರೂ ಸರಿ. 6.5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಂದು ಸಲ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಂಡು ಡಾಕ್ಟರ ಹತ್ತಿರ ಹೋಗಿ. ಊಟ ಸರಿ ಮಾಡಿಕೊಳ್ಳುತ್ತೇನೆ, ಆಮೇಲೆ ನೋಡೋಣ ಅಂತ ಮುಂದೂಡಬೇಡಿ. ಹೋಗುವಾಗ ಆ ಎರಡು ರಾತ್ರಿಯ ಗ್ಲುಕೋಮೀಟರ್ ಅಂಕಿಗಳನ್ನೂ ಊಟದ ಹೊತ್ತನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಿಮ್ಮ ಡಾಕ್ಟರಿಗೆ ಔಷಧಿಯ ಹೊತ್ತು ಗೊತ್ತು ಮಾಡಲು ಅದು ಬೇಕಾಗುತ್ತದೆ.